ಬೇರೆ ಕಡೆ ಆಫರ್ ಒಪ್ಕೊಂಡ್ಮೇಲೆ ಅರ್ಜಿ ವಾಪಸ್ ತಗೊಳೋದು: ಐದು ಸಾಲಿನ ಒಂದು ಮೇಲ್ ತಯಾರಾದ ಕಥೆ

ಒಂದು ಸೋಮವಾರ ಸಂಜೆ ನನ್ನ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ಲು. "ಅಕ್ಕಾ, ಆಫರ್ ಲೆಟರ್ ಬಂತು, ಸೈನ್ ಮಾಡಿ ಕಳ್ಸಿದೀನಿ" ಅಂದ್ಲು, ನಾನು ಖುಷಿಯಾಗಿ ಮಾತಾಡ್ತಾ ಇದ್ರೆ ಅವ್ಳ ದನಿಯಲ್ಲಿ ಮಾತ್ರ ಏನೋ ಅಳುಕು. ಕೇಳಿದ್ರೆ ವಿಷ್ಯ ಇದು: ಇನ್ನೊಂದು ಕಂಪನೀಲಿ ಗುರುವಾರ ಮಧ್ಯಾಹ್ನ 3 ಗಂಟೆಗೆ ಕೊನೇ ರೌಂಡ್ ಇಂಟರ್‌ವ್ಯೂ ಫಿಕ್ಸ್ ಆಗಿದೆ, ಮೂರು ಜನ ಕೂತ್ಕೊಳೋ ಪ್ಯಾನೆಲ್, ಅವ್ರು ಎರಡು ರೌಂಡ್‌ಲೂ ತುಂಬಾ ಚೆನ್ನಾಗಿ ಮಾತಾಡ್ಸಿದಾರೆ, ಈಗ "ಬರಲ್ಲ" ಅಂತ ಹೇಗೆ ಬರೆಯೋದು ಅಂತ. "ಸುಮ್ನೆ ಹೋಗಿ ಕೂತು ಬಂದ್ಬಿಡ್ಲಾ, ಆಮೇಲೆ ಅವ್ರು ಸೆಲೆಕ್ಟ್ ಮಾಡಿದ್ರೆ ಆಗ ಬೇಡ ಅಂದ್ರಾಯ್ತು" ಅಂತಾನೂ ಕೇಳಿದ್ಲು.

ನಾನು ಎಂಟು ವರ್ಷ ಹೈರಿಂಗ್ ಕೆಲಸ ಮಾಡಿದೋಳು, ಇಂಥ ಮೇಲ್‌ಗಳು ಬಂದು ಬೀಳೋ ಕಡೆ ಕೂತಿದ್ದೋಳು. ಅದಕ್ಕೇ ಈ ಒಂದು ಕೇಸನ್ನ ಪೂರ್ತಿಯಾಗಿ ಬರೀತಿದೀನಿ, ಯಾಕಂದ್ರೆ ಬರೆಯೋರು ಈ ಮೇಲನ್ನ ಒಂದು ಕ್ಷಮಾಪಣೆ ಪತ್ರ ಅನ್ಕೊಂಡು ಬರೀತಾರೆ, ಓದೋರಿಗೆ ಮಾತ್ರ ಅದು ಒಂದು ಕೆಲಸದ ಚೀಟಿ, ಓದಿದ ತಕ್ಷಣ ಏನೋ ಮಾಡ್ಬೇಕಾಗಿರುತ್ತೆ.

ಅವ್ಳ ಪರಿಸ್ಥಿತಿ ಹೀಗಿತ್ತು. ಅಕೌಂಟ್ಸ್ ಕೆಲಸಕ್ಕೆ ಒಟ್ಟು ನಾಲ್ಕು ಕಡೆ ಅರ್ಜಿ ಹಾಕಿದ್ಲು. ಮೊದಲನೇ ಕಂಪನಿಯಿಂದ ಆಫರ್ ಬಂದು ಒಪ್ಕೊಂಡಾಯ್ತು. ಎರಡನೇದು ಈ ಗುರುವಾರದ ಇಂಟರ್‌ವ್ಯೂ ಇಟ್ಟಿದ್ದ ಕಂಪನಿ, ಅಲ್ಲಿಗೆ ಅವ್ಳ ಹಳೇ ಆಫೀಸಿನ ಸೀನಿಯರ್ ಒಬ್ರು ರೆಫರ್ ಮಾಡಿದ್ರು. ಮೂರನೇದು ಒಂದು ಕನ್ಸಲ್ಟೆನ್ಸಿ ಮೂಲಕ ಹೋಗಿದ್ದು, ಫೋನಲ್ಲಿ ಒಂದು ಸಲ ಮಾತಾಡಿ ಎರಡು ವಾರ ಆಗಿತ್ತು, ಆಮೇಲೆ ಸುದ್ದಿ ಇಲ್ಲ. ನಾಲ್ಕನೇದು ಬರೀ ಪೋರ್ಟಲ್‌ನಲ್ಲಿ ರೆಸ್ಯೂಮ್ ಹಾಕಿ ಬಿಟ್ಟಿದ್ದು.

ಮೇಲ್ ಬರೆಯೋಕೆ ಮುಂಚೆ ನಾನು ಅವ್ಳನ್ನ ಕೇಳಿದ್ದು ಬೇರೇನೇ. "ನೀನು ಸೈನ್ ಮಾಡಿದ್ದು ಅವ್ರಿಗೆ ತಲುಪಿದೆ ಅಂತ ಅವ್ರ ಕಡೆಯಿಂದ ಉತ್ತರ ಬಂದಿದ್ಯಾ? ಸೇರೋ ತಾರೀಖು ಲೆಟರ್‌ನಲ್ಲಿ ಇದ್ಯಾ?" ಫೋನಲ್ಲಿ "ನಿಮ್ಮನ್ನ ಸೆಲೆಕ್ಟ್ ಮಾಡಿದೀವಿ" ಅಂದ ಮಾತು ನಂಬ್ಕೊಂಡು ಉಳಿದ ಕಡೆ ಎಲ್ಲಾ ವಾಪಸ್ ತಗೊಂಡು, ಆಮೇಲೆ ಲೆಟರ್ ಬರ್ದೇ ಒದ್ದಾಡಿದೋರನ್ನ ನಾನೇ ನೋಡಿದೀನಿ. ಬಜೆಟ್ ಅಪ್ರೂವಲ್ ನಿಂತೋಗತ್ತೆ, ಹುದ್ದೇನೇ ಮುಂದಕ್ಕೆ ಹಾಕ್ತಾರೆ, ಇವೆಲ್ಲ ಆಗೋದು ಬಾಯಿಮಾತಿಗೂ ಲೆಟರ್‌ಗೂ ನಡುವೆ ಇರೋ ಆ ಕೆಲವು ದಿನಗಳಲ್ಲೇ. ಇವ್ಳದ್ದು ಲೆಟರ್ ಇತ್ತು, ತಾರೀಖು ಇತ್ತು, "ನಿಮ್ಮ ಸಹಿ ಮಾಡಿದ ಪ್ರತಿ ತಲುಪಿತು" ಅನ್ನೋ ಮೇಲ್ ಮಾತ್ರ ಇನ್ನೂ ಬಂದಿರ್ಲಿಲ್ಲ. ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಅದೂ ಬಂತು. ಅಲ್ಲೀವರೆಗೂ ಬರೆದಿಟ್ಕೋ, ಕಳಿಸ್ಬೇಡ ಅಂದೆ.

ಲೆಟರ್‌ನಲ್ಲಿ ಇನ್ನೊಂದು ಸಾಲು ಇತ್ತು, ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಸರಿಯಾಗಿದ್ರೆ ಮಾತ್ರ ಈ ಆಫರ್ ಊರ್ಜಿತ ಅಂತ. ಇದು ಬಹಳ ಲೆಟರ್‌ಗಳಲ್ಲಿ ಇರೋ ಸಾಲೇ, ಆದ್ರೂ ಕೇಳ್ದೆ, ನಿನ್ನ ದಾಖಲೆಗಳಲ್ಲಿ ಏನಾದ್ರೂ ತೊಡಕಿದ್ಯಾ ಅಂತ. ಡಿಗ್ರಿ ಸರ್ಟಿಫಿಕೇಟ್‌ನಲ್ಲಿ ಹೆಸರಿನ ಸ್ಪೆಲ್ಲಿಂಗ್ ಒಂದಕ್ಷರ ಬೇರೆ ಇದೆ ಅಂದ್ಲು. ಅದನ್ನ ಹೊಸ ಕಂಪನಿಯ ಎಚ್‌ಆರ್‌ಗೆ ಆಗ್ಲೇ ತಿಳಿಸಿ, ಒಂದು ಅಫಿಡವಿಟ್ ಕೊಟ್ರೆ ಸಾಕು ಅನ್ನೋ ಉತ್ತರ ಅವ್ಳ ಹತ್ರ ಇತ್ತು, ಹಾಗಾಗಿ ನಾನು ಮುಂದುವರಿ ಅಂದೆ. ಗೊತ್ತಿರೋ ತೊಡಕು ಇದ್ದು ಅದನ್ನ ಹೊಸ ಕಂಪನಿಗೆ ಹೇಳೇ ಇಲ್ಲ ಅಂದ್ರೆ ಮೊದ್ಲು ಅದನ್ನ ಹೇಳಿ ಉತ್ತರ ತಗೋಬೇಕು, ಆಮೇಲೇ ಉಳಿದ ಬಾಗಿಲು ಮುಚ್ಚೋದು. ಆದ್ರೆ ಏನೂ ತೊಡಕಿಲ್ದೆ ಸುಮ್ನೆ ಭಯಕ್ಕೆ ವೆರಿಫಿಕೇಶನ್ ಮುಗಿಯೋವರೆಗೂ ಕಾಯೋದು ಸರಿಯಲ್ಲ ಅನ್ನೋದು ನನ್ನ ಅಭಿಪ್ರಾಯ, ಅದು ವಾರಗಟ್ಟಲೆ ಹಿಡಿಯತ್ತೆ, ಅಷ್ಟು ದಿನ ಇನ್ನೊಂದು ಕಂಪನಿಯೋರು ನಿಮಗೋಸ್ಕರ ಕಾಯ್ತಾ ಕೂತಿರ್ತಾರೆ.

ಈಗ "ಸುಮ್ನೆ ಹೋಗಿ ಕೂತು ಬರ್ಲಾ" ಅನ್ನೋ ಪ್ರಶ್ನೆ. ಆ ಗುರುವಾರದ ಒಂದು ಗಂಟೆ ಹೇಗೆ ಹುಟ್ಟಿರತ್ತೆ ಅಂತ ಅರ್ಜಿ ಹಾಕಿದೋರಿಗೆ ಕಾಣಲ್ಲ. ಮೂರು ಜನರ ಕ್ಯಾಲೆಂಡರ್‌ನಲ್ಲಿ ಒಂದೇ ಟೈಮಿಗೆ ಖಾಲಿ ಜಾಗ ಸಿಗೋದೇ ಕಷ್ಟ, ಅದಕ್ಕೆ ಕೋಆರ್ಡಿನೇಟರ್ ಒಬ್ರು ಎರಡು ಮೂರು ದಿನ ಹಿಂದೆ ಬಿದ್ದಿರ್ತಾರೆ. ಅದಕ್ಕಿಂತ ಮುಖ್ಯವಾಗಿ, ಕೊನೇ ರೌಂಡಿಗೆ ಒಬ್ರೇ ಇರಲ್ಲ. ಎರಡನೇ ಆಯ್ಕೆ ಅಂತ ಇನ್ನೊಬ್ರು ಇರ್ತಾರೆ, ಅವ್ರಿಗೆ "ಪ್ರೊಸೆಸ್ ನಡೀತಿದೆ, ಸ್ವಲ್ಪ ಕಾಯಿರಿ" ಅಂತ ಹೇಳಿ ಕೂರ್ಸಿರ್ತಾರೆ. ಆ ಮನುಷ್ಯನಿಗೂ ಬೇರೆ ಕಡೆ ಆಫರ್ ಬಂದು ಅದಕ್ಕೆ ಉತ್ತರ ಕೊಡೋ ಕೊನೇ ದಿನ ಹತ್ರ ಬಂದಿರಬಹುದು. ನೀವು ಬರಲ್ಲ ಅಂತ ಮಂಗಳವಾರ ಹೇಳಿದ್ರೆ ಅವ್ರಿಗೆ ಗುರುವಾರದ ಸ್ಲಾಟ್ ಸಿಗತ್ತೆ, ಹೋಗಿ ಕೂತು ಬಂದು ಮುಂದಿನ ವಾರ ಹೇಳಿದ್ರೆ ಅವ್ರೂ ಕೈತಪ್ಪಿ ಹೋಗಿರ್ತಾರೆ. ನಾನು ಇದನ್ನ ಹೇಳಿದ್ಮೇಲೆ ಅವ್ಳು ಆ ಪ್ರಶ್ನೆ ಮತ್ತೆ ಕೇಳ್ಲಿಲ್ಲ.

ರಾತ್ರಿ ಮೊದಲ್ನೇ ಡ್ರಾಫ್ಟ್ ಕಳ್ಸಿದ್ಲು, ಮೊಬೈಲಲ್ಲಿ ಎರಡು ಸಲ ಸ್ಕ್ರೋಲ್ ಮಾಡ್ಬೇಕು ಅಷ್ಟುದ್ದ. ಶುರುವಾಗಿದ್ದೇ "ಮೊದಲನೆಯದಾಗಿ ನನ್ನನ್ನು ದಯವಿಟ್ಟು ಕ್ಷಮಿಸಿ" ಅಂತ, ಆಮೇಲೆ ಮನೆ ಪರಿಸ್ಥಿತಿ, ಆಮೇಲೆ ಆ ಇನ್ನೊಂದು ಕಂಪನಿ ಹೆಸರು, ಅವ್ರು ಕೊಡ್ತಿರೋ ಸಂಬಳ, ಮನೆಯಿಂದ ಅದು ಹತ್ರ ಅನ್ನೋ ವಿವರ, ಕೊನೇಲಿ "ಆದ್ದರಿಂದ ಗುರುವಾರದ ಸಂದರ್ಶನಕ್ಕೆ ಹಾಜರಾಗುವುದು ಕಷ್ಟವಾಗಬಹುದು ಎಂದು ಅನಿಸುತ್ತಿದೆ, ಮುಂದೆ ಅವಕಾಶವಿದ್ದರೆ ಖಂಡಿತ ಪರಿಗಣಿಸಿ". ಒಂದೊಂದು ಸಾಲೂ ಒಳ್ಳೇ ಮನಸ್ಸಿಂದಲೇ ಬರೆದಿದ್ದು, ಅದ್ರಲ್ಲಿ ಅನುಮಾನ ಇಲ್ಲ.

ಆದ್ರೆ ಇದನ್ನ ಆ ಕಡೆ ಕೂತು ಓದಿ ನೋಡಿ. ರಿಕ್ರೂಟರ್ ಹತ್ರ ಒಂದೇ ಸಲಕ್ಕೆ ಹತ್ತಾರು ಹುದ್ದೆಗಳಿರತ್ತೆ, ಇನ್‌ಬಾಕ್ಸ್‌ನಲ್ಲಿ ಮೇಲಿನ ಎರಡು ಸಾಲು ಮಾತ್ರ ಕಾಣತ್ತೆ, ಅಲ್ಲಿ ಕಂಡಿದ್ದು ಕ್ಷಮಿಸಿ ಅನ್ನೋದು. ಯಾವುದಕ್ಕೆ ಕ್ಷಮೆ, ಲೇಟಾಗಿ ಬರ್ತಾರಾ, ಡೇಟ್ ಬದಲಾಯಿಸ್ಬೇಕಾ, ಗೊತ್ತಾಗಲ್ಲ. ಪೂರ್ತಿ ಓದಿದ್ರೂ "ಕಷ್ಟವಾಗಬಹುದು ಎಂದು ಅನಿಸುತ್ತಿದೆ" ಅಂದ್ರೆ ಬರ್ತಾರೋ ಇಲ್ವೋ? ಸಂಬಳ ಬೇರೆ ಬರೆದಿದಾರೆ, ಹಾಗಾದ್ರೆ ನಮ್ಮ ಹತ್ರ ಅದಕ್ಕಿಂತ ಜಾಸ್ತಿ ಕೇಳ್ತಿದಾರಾ? ನಾನೇ ಆಗಿದ್ರೆ ಆ ಮೇಲ್‌ನ ಚೌಕಾಸಿ ಅನ್ಕೊಂಡು ಮ್ಯಾನೇಜರ್‌ಗೆ ಫಾರ್ವರ್ಡ್ ಮಾಡಿ "ಏನು ಮಾಡೋಣ" ಅಂತ ಕೇಳ್ತಿದ್ದೆ. ಹುಡುಗಿ ಬರೆದಿದ್ದು ವಿನಯದಿಂದ, ಅಲ್ಲಿಗೆ ತಲುಪಿದ್ದು ರೇಟ್ ಕೇಳೋ ಮೇಲ್.

ಇದನ್ನ ವಿವರಿಸಿದ್ಮೇಲೆ ಅವ್ಳು ಪೂರ್ತಿ ಉಲ್ಟಾ ಹೊಡೆದು ಎರಡನೇ ಡ್ರಾಫ್ಟ್ ಕಳ್ಸಿದ್ಲು, "ನನಗೆ ಈ ಹುದ್ದೆಯಲ್ಲಿ ಆಸಕ್ತಿ ಇಲ್ಲ, ಇಂಟರ್‌ವ್ಯೂ ರದ್ದು ಮಾಡಿ". ಚಿಕ್ಕದಾಗಿದೆ, ಸ್ಪಷ್ಟವಾಗಿದೆ, ಆದ್ರೆ ಮೊದಲ್ನೇದಾಗಿ ನಿಜ ಅಲ್ಲ, ಅವ್ಳಿಗೆ ಆಸಕ್ತಿ ಇತ್ತು. ಎರಡು ರೌಂಡ್ ಕೂತು ಮಾತಾಡಿದೋರಿಗೆ "ಆಸಕ್ತಿ ಇಲ್ಲ" ಅಂದ್ರೆ ನಮ್ಮಿಂದ ಏನು ತಪ್ಪಾಯ್ತು ಅಂತ ಅವ್ರು ಯೋಚ್ನೆ ಮಾಡ್ತಾರೆ, ಕೆಲವರು ಫೋನ್ ಮಾಡಿ ಕೇಳ್ತಾರೆ ಕೂಡ. ಬೇರೆ ಆಫರ್ ಒಪ್ಕೊಂಡಿದೀನಿ ಅನ್ನೋ ಕಾರಣ ಇಬ್ರಿಗೂ ಮರ್ಯಾದೆ ಉಳಿಸೋ ಕಾರಣ, ಅದರಲ್ಲಿ ಯಾರ ತಪ್ಪೂ ಇಲ್ಲ, ಅದನ್ನ ಮುಚ್ಚಿಡೋ ಅಗತ್ಯಾನೇ ಇಲ್ಲ. ಎಲ್ಲಿ, ಎಷ್ಟು ಅನ್ನೋದಷ್ಟೇ ಬೇಡ.

ಕೊನೆಗೆ ಫೋನಲ್ಲೇ ಕೂತು ಇಬ್ರೂ ಸೇರಿ ಬರೆದಿದ್ದು ಇದು. ಸಬ್ಜೆಕ್ಟ್ ಲೈನ್: "ಅರ್ಜಿ ಹಿಂತೆಗೆತ, ಸೀನಿಯರ್ ಅಕೌಂಟೆಂಟ್ ಹುದ್ದೆ, ಗುರುವಾರ 3 ಗಂಟೆಯ ಇಂಟರ್‌ವ್ಯೂ", ಪಕ್ಕದಲ್ಲಿ ಅವ್ಳ ಪೂರ್ತಿ ಹೆಸರು. ಒಳಗೆ:

"ನಮಸ್ಕಾರ ಮೇಡಂ,

ಸೀನಿಯರ್ ಅಕೌಂಟೆಂಟ್ ಹುದ್ದೆಗೆ ಸಲ್ಲಿಸಿದ್ದ ನನ್ನ ಅರ್ಜಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಬೇರೊಂದು ಕಡೆ ಬಂದ ಆಫರ್ ಅನ್ನು ಒಪ್ಪಿಕೊಂಡು ಸಹಿ ಮಾಡಿದ್ದೇನೆ. ಹಾಗಾಗಿ ಗುರುವಾರ 3 ಗಂಟೆಯ ಇಂಟರ್‌ವ್ಯೂಗೆ ಬರುವುದಿಲ್ಲ, ದಯವಿಟ್ಟು ಆ ಸಮಯವನ್ನು ಬೇರೆಯವರಿಗೆ ಕೊಡಿ. ಎರಡನೇ ಸುತ್ತಿನಲ್ಲಿ ನಿಮ್ಮ ಮ್ಯಾನೇಜರ್ ತಿಂಗಳ ಕೊನೆಯ ಲೆಕ್ಕ ಮುಗಿಸುವ ಕ್ರಮವನ್ನು ತಾಳ್ಮೆಯಿಂದ ವಿವರಿಸಿದರು, ಅದರಿಂದ ಕಲಿತೆ, ಅವರಿಗೂ ನನ್ನ ಧನ್ಯವಾದ ತಿಳಿಸಿ. ನೀವು ನನಗಾಗಿ ಕೊಟ್ಟ ಸಮಯಕ್ಕೆ ಕೃತಜ್ಞಳಾಗಿದ್ದೇನೆ."

ಐದು ವಾಕ್ಯ. ಮೊದಲ್ನೇ ವಾಕ್ಯದಲ್ಲೇ ವಿಷ್ಯ ಮುಗಿದೋಗತ್ತೆ, ಉಳಿದಿದ್ದು ಓದ್ದೇ ಇದ್ರೂ ಅವ್ರ ಕೆಲಸ ಆಗತ್ತೆ. "ಸಹಿ ಮಾಡಿದ್ದೇನೆ" ಅನ್ನೋ ಪದ ಬೇಕು ಅಂತ ನಾನೇ ಹಠ ಮಾಡಿದ್ದು, ಬರೀ "ಆಫರ್ ಬಂದಿದೆ" ಅಂದ್ರೆ ಇನ್ನೂ ಬಾಗಿಲು ತೆಗ್ದಿದೆ ಅಂತ ಅರ್ಥ ಮಾಡ್ಕೋತಾರೆ, ಸಹಿ ಆಯ್ತು ಅಂದ್ರೆ ಮುಗೀತು. ನಾಲ್ಕನೇ ವಾಕ್ಯ ಮಾತ್ರ ಅವ್ಳು ತಾನಾಗೇ ಹೇಳಿದ್ದು. ಧನ್ಯವಾದ ಯಾವುದಕ್ಕೆ ಹೇಳ್ತೀಯ ಅಂತ ಕೇಳಿದ್ರೆ ಮೊದ್ಲು "ಎಲ್ಲದಕ್ಕೂ" ಅಂದ್ಲು, ಒಂದು ಏನಾದ್ರೂ ಹೇಳು ಅಂದಾಗ ಆ ಮ್ಯಾನೇಜರ್ ವಿಷ್ಯ ಬಂತು. ಎಲ್ಲಾರಿಗೂ ಕಳಿಸ್ಬಹುದಾದ ಥ್ಯಾಂಕ್ಸ್‌ಗೂ ಅವ್ರೊಬ್ರಿಗೇ ಹೊಂದೋ ಥ್ಯಾಂಕ್ಸ್‌ಗೂ ಇರೋ ವ್ಯತ್ಯಾಸ ಓದೋರಿಗೆ ತಕ್ಷಣ ಗೊತ್ತಾಗತ್ತೆ, ನನಗೆ ಬಂದ ಅಂಥ ಮೇಲ್‌ಗಳಲ್ಲಿ ಒಂದೆರಡು ಇವತ್ತಿಗೂ ನೆನಪಿದೆ. ಹೇಳೋಕೆ ನಿಜವಾಗ್ಲೂ ಏನೂ ಇಲ್ಲ ಅಂದ್ರೆ ಆ ವಾಕ್ಯ ಬಿಟ್ಬಿಡಿ, ಕಟ್ಟಿ ಹೇಳೋದಕ್ಕಿಂತ ಬಿಡೋದು ವಾಸಿ. "ಮುಂದೆ ಪರಿಗಣಿಸಿ" ಅನ್ನೋದನ್ನ ತೆಗೆಸ್ದೆ, ಹೊಸ ಕೆಲಸ ಇನ್ನೂ ಶುರುವೇ ಆಗಿಲ್ಲ, ಆಗ್ಲೇ ಇನ್ನೊಂದಕ್ಕೆ ಅರ್ಜಿ ಹಾಕಿದ ಹಾಗೆ ಕಾಣತ್ತೆ. "ಕ್ಷಮಿಸಿ"ನೂ ಇಲ್ಲ, ಅದಕ್ಕೆ ಅವ್ಳು ಸ್ವಲ್ಪ ಹೊತ್ತು ಒಪ್ಲಿಲ್ಲ. ಎರಡು ದಿನ ಮುಂಚೆ ಹೇಳ್ತಿದೀಯ, ತಪ್ಪೇನು ಮಾಡಿಲ್ಲ ಅಂದೆ. ಇಂಟರ್‌ವ್ಯೂ ದಿನ ಬೆಳಿಗ್ಗೆ ಹೇಳೋ ಪರಿಸ್ಥಿತಿ ಬಂದಿದ್ರೆ ಆಗ ಒಂದು ಸಲ ಕ್ಷಮೆ ಕೇಳ್ಬೇಕು, ಅದೂ ಒಂದೇ ಸಲ.

ಕಳಿಸೋ ಮುಂಚೆ ಇನ್ನೊಂದು ಕೆಲಸ ಇತ್ತು, ರೆಫರ್ ಮಾಡಿದ ಸೀನಿಯರ್‌ಗೆ ಹೇಳೋದು. ಅವ್ರ ಹೆಸರು ಅವ್ಳ ಅರ್ಜಿ ಜೊತೆ ಆ ಕಂಪನಿ ಸಿಸ್ಟಮ್‌ನಲ್ಲಿ ಕೂತಿದೆ, ಮ್ಯಾನೇಜರ್ ಬಂದು "ನೀವು ಹೇಳಿದ ಹುಡುಗಿ ಬರಲ್ಲ ಅಂದ್ಲಂತೆ" ಅಂದಾಗ ಅವ್ರು ಬೆಪ್ಪಾಗಿ ನಿಲ್ಬಾರ್ದು. ಮಂಗಳವಾರ ಬೆಳಿಗ್ಗೆ ಫೋನ್ ಮಾಡಿ ಹೇಳಿದ್ಲು, "ಸರ್, ಬೇರೆ ಕಡೆ ಸೈನ್ ಮಾಡ್ದೆ, ಇವತ್ತು ಹನ್ನೊಂದು ಗಂಟೆಗೆ ನಿಮ್ಮ ಎಚ್‌ಆರ್‌ಗೆ ಮೇಲ್ ಹಾಕ್ತಿದೀನಿ, ಮೊದ್ಲು ನಿಮಗೆ ಹೇಳೋಣ ಅಂತ". ಅವ್ರು ಅಭಿನಂದನೆ ಹೇಳಿ, "ಸರಿಯಮ್ಮ, ನನಗೆ ಹೇಳಿದ್ದು ಒಳ್ಳೇದಾಯ್ತು" ಅಂದ್ರಂತೆ. ಎರಡು ನಿಮಿಷದ ಮಾತು.

ಹನ್ನೊಂದಕ್ಕೆ ಮೇಲ್ ಹೋಯ್ತು. ಹೊಸ ಮೇಲ್ ಅಲ್ಲ, ಇಂಟರ್‌ವ್ಯೂ ಕನ್ಫರ್ಮ್ ಆಗಿದ್ದ ಹಳೇ ಮೇಲ್‌ಗೇ ರಿಪ್ಲೈ ಮಾಡಿ ಸಬ್ಜೆಕ್ಟ್ ಬದಲಾಯಿಸಿದ್ದು, ಹಿಂದಿನ ಮಾತುಕತೆ ಎಲ್ಲಾ ಕೆಳಗೇ ಇರ್ಲಿ ಅಂತ. ಮಧ್ಯಾಹ್ನ ನಾನು "ಉತ್ತರ ಬಂತಾ" ಅಂತ ಮೆಸೇಜ್ ಮಾಡಿದ್ರೆ "ಬಂತು ಅಕ್ಕ, ತಕ್ಷಣ ಬಂತು" ಅಂದ್ಲು. ತಕ್ಷಣ ಅಂದಿದ್ದು ಕೇಳಿ ನನಗೆ ಡೌಟ್ ಬಂತು, ಸ್ಕ್ರೀನ್‌ಶಾಟ್ ಕಳಿಸು ಅಂದೆ. ನೋಡಿದ್ರೆ ಅದು ಆಟೋ ರಿಪ್ಲೈ, ರಿಕ್ರೂಟರ್ ಶುಕ್ರವಾರದವರೆಗೆ ರಜೆ, ತುರ್ತಿದ್ರೆ ಇನ್ನೊಬ್ರನ್ನ ಸಂಪರ್ಕಿಸಿ ಅಂತ ಕೆಳಗೆ ಒಂದು ಐಡಿ. ಅಂದ್ರೆ ಯಾರೂ ಓದೇ ಇಲ್ಲ, ಗುರುವಾರ ಮೂರು ಗಂಟೆಗೆ ಮೂರು ಜನ ಬಂದು ಕೂತು ಕಾಯ್ತಿದ್ರು, ಅವ್ರ ಲೆಕ್ಕದಲ್ಲಿ ಇವ್ಳು ಹೇಳ್ದೆ ಕೇಳ್ದೆ ಬರ್ದೇ ಇದ್ದೋಳು ಆಗ್ತಿದ್ಲು, ಅಷ್ಟು ಜೋಪಾನವಾಗಿ ಬರೆದ ಮೇಲ್ ಮುಚ್ಚಿದ ಇನ್‌ಬಾಕ್ಸ್‌ನಲ್ಲಿ ಬಿದ್ದಿರ್ತಿತ್ತು.

ಆ ಮೇಲನ್ನೇ ರಜೆ ಮೆಸೇಜ್‌ನಲ್ಲಿದ್ದ ಐಡಿಗೆ, ಜೊತೆಗೆ ಕ್ಯಾಲೆಂಡರ್ ಇನ್ವೈಟ್ ಕಳ್ಸಿದ್ದ ಕೋಆರ್ಡಿನೇಟರ್‌ಗೆ ಫಾರ್ವರ್ಡ್ ಮಾಡಿಸ್ದೆ. ಇನ್ವೈಟ್‌ನಲ್ಲಿ ಡಿಕ್ಲೈನ್ ಒತ್ಸಿದ್ದೂ ಆಗ್ಲೇ, ಅದಕ್ಕೆ ಮುಂಚೆ ಒತ್ಸಿರ್ಲಿಲ್ಲ, ಬರೀ ಡಿಕ್ಲೈನ್ ನೋಡಿದೋರು ಟೈಮ್ ಆಗಲ್ವೇನೋ ಅನ್ಕೊಂಡು ಬೇರೆ ಟೈಮ್ ಹುಡುಕೋಕೆ ಶುರು ಮಾಡ್ತಾರೆ, ಮೇಲ್ ಮುಂದೆ, ಡಿಕ್ಲೈನ್ ಹಿಂದೆ ಬರ್ಬೇಕು. ಪೋರ್ಟಲ್‌ನಲ್ಲಿ ವಾಪಸ್ ತಗೊಳೋ ಬಟನ್ನೂ ಇತ್ತು, ಅದನ್ನೂ ಒತ್ತಿದ್ಲು, ಆದ್ರೆ ಆ ಬಟನ್ ನಂಬ್ಕೊಂಡು ಮೇಲ್ ಬಿಡೋ ಹಾಗಿಲ್ಲ. ಅದು ಸಿಸ್ಟಮ್‌ನಲ್ಲಿ ಸ್ಟೇಟಸ್ ಬದಲಾಯಿಸತ್ತೆ, ಪ್ಯಾನೆಲ್‌ನೋರ ಕ್ಯಾಲೆಂಡರ್ ತಾನಾಗೇ ಖಾಲಿ ಮಾಡತ್ತೆ ಅನ್ನೋ ಗ್ಯಾರಂಟಿ ಇಲ್ಲ. ಇನ್ನೊಂದು, ಒಂದೇ ಕಂಪನೀಲಿ ಎರಡು ಹುದ್ದೆಗೆ ಹಾಕಿದ್ರೆ ಯಾವುದರ ಎದುರಿಗೆ ಒತ್ತುತಿದೀವಿ ಅಂತ ನೋಡ್ಕೋಬೇಕು.

ಮಂಗಳವಾರ ನಾಲ್ಕು ಗಂಟೆಗೆ ಕೋಆರ್ಡಿನೇಟರ್ ಫೋನ್ ಬಂತು. ಮೊದ್ಲು "ಕಂಗ್ರಾಜುಲೇಶನ್ಸ್", ಆಮೇಲೆ "ಯಾವ ಕಂಪನಿ ಅಂತ ಕೇಳ್ಬಹುದಾ, ಅವ್ರು ಕೊಡೋದನ್ನ ನಾವೂ ಕೊಟ್ರೆ ಯೋಚ್ನೆ ಮಾಡ್ತೀರಾ". ಇದು ಬರತ್ತೆ ಅಂತ ನಾನು ಮೊದ್ಲೇ ಹೇಳಿಟ್ಟಿದ್ದೆ. ಕೇಳೋದು ಅವ್ರ ಕೆಲಸ, ಅದರಲ್ಲಿ ತಪ್ಪಿಲ್ಲ, ಉತ್ತರ ಮಾತ್ರ ಮೇಲ್‌ನಲ್ಲಿ ಬರೆದಿದ್ದಕ್ಕೇ ಅಂಟ್ಕೊಂಡಿರ್ಬೇಕು. ಅವ್ಳು ಹೇಳಿದ್ದು: "ಕೇಳಿದ್ದಕ್ಕೆ ಥ್ಯಾಂಕ್ಸ್ ಮೇಡಂ, ಆದ್ರೆ ನಾನು ಸೈನ್ ಮಾಡಿ ಮಾತು ಕೊಟ್ಟಿದೀನಿ, ಅದನ್ನ ಬದಲಾಯಿಸಲ್ಲ. ಕಂಪನಿ ಹೆಸರು ಸೇರಿದ್ಮೇಲೆ ಹೇಳ್ತೀನಿ." ಅವ್ರು ಇನ್ನೊಂದು ಸಲ ಕೇಳ್ಲಿಲ್ಲ. ಇಲ್ಲಿ ಎಷ್ಟೋ ಜನ "ನೋಡೋಣ, ಎಷ್ಟು ಕೊಡ್ತೀರಾ" ಅಂದು ಜಾರ್ತಾರೆ. ಹಾಗೆ ಕೇಳೋ ಮನಸ್ಸು ಇತ್ತು ಅಂದ್ರೆ ಕೇಳೋ ಟೈಮ್ ಸಹಿಗೆ ಮುಂಚೆ ಇತ್ತು, ಆಗ "ನನಗೊಂದು ಆಫರ್ ಇದೆ, ಈ ತಾರೀಖಿನೊಳಗೆ ಉತ್ತರ ಕೊಡ್ಬೇಕು, ನಿಮ್ಮ ನಿರ್ಧಾರ ಅದಕ್ಕೆ ಮುಂಚೆ ತಿಳಿಸೋಕಾಗತ್ತಾ" ಅಂತ ಕೇಳೋದು ಪೂರ್ತಿ ಸರಿ. ಅದು ಬೇರೆ ಮೇಲ್.

ಮೂರನೇ ಕಂಪನೀಲಿ ಮಾತ್ರ ಎಡವಿದ್ವಿ. ನಾನು ಎರಡನೇದರ ಗದ್ದಲದಲ್ಲಿ ಅದನ್ನ ಕೇಳೋಕೆ ಮರ್ತಿದ್ದೆ, ಅವ್ಳು ತಾನೇ ಆ ಕಂಪನಿ ಎಚ್‌ಆರ್‌ಗೆ ನೇರವಾಗಿ ಇದೇ ಮೇಲ್ ಸ್ವಲ್ಪ ಬದಲಾಯಿಸಿ ಕಳ್ಸಿಬಿಟ್ಟಿದ್ಲು. ಬುಧವಾರ ಕನ್ಸಲ್ಟೆನ್ಸಿಯೋರ ಫೋನ್, ಬೇಜಾರಲ್ಲಿ. ಅವ್ರು ಹಿಂದಿನ ದಿನ ತಾನೇ ಆ ಕಂಪನಿಗೆ ಫೋನ್ ಮಾಡಿ "ಕ್ಯಾಂಡಿಡೇಟ್ ರೆಡಿ ಇದಾರೆ, ಎರಡನೇ ರೌಂಡ್ ಬೇಗ ಇಡಿ" ಅಂತ ಒತ್ತಾಯ ಮಾಡಿದ್ರಂತೆ, ಅಷ್ಟರಲ್ಲಿ ಕಂಪನಿಯೋರೇ ಇವ್ಳ ಮೇಲ್ ತೋರ್ಸಿದಾರೆ. ಅವ್ರ ಬೇಜಾರು ನ್ಯಾಯವಾದದ್ದೇ. ಯಾರ ಮೂಲಕ ಒಳಗೆ ಹೋಗಿದೀವೋ ಅವ್ರಿಗೇ ಮೊದ್ಲು ಹೇಳ್ಬೇಕು, ಕಂಪನಿಗೆ ಅವ್ರು ಹೇಳ್ತಾರೆ. ಇವ್ಳು ಸಬೂಬು ಹೇಳ್ದೆ "ಸರ್, ನಿಮಗೆ ಮೊದ್ಲು ಹೇಳ್ಬೇಕಿತ್ತು, ತಪ್ಪಾಯ್ತು" ಅಂದ್ಲು, ಅದೇ ಮಾತನ್ನ ಎರಡು ಸಾಲಲ್ಲಿ ಮೇಲ್‌ನಲ್ಲೂ ಹಾಕಿದ್ಲು, ಅವ್ರು ಅದನ್ನ ಕಂಪನಿಗೆ ತೋರ್ಸೋಕೆ ಆಗ್ಲಿ ಅಂತ. ಕ್ಷಮೆ ಕೇಳೋ ಜಾಗ ಇದು.

ನಾಲ್ಕನೇದಕ್ಕೆ ಮೇಲ್ ಬೇಡವೇ ಬೇಡ, ಅಲ್ಲಿ ಯಾವ ಮನುಷ್ಯನೂ ಇನ್ನೂ ಇವ್ಳ ಜೊತೆ ಮಾತಾಡಿಲ್ಲ. ಪೋರ್ಟಲ್‌ನಲ್ಲಿ ಬಟನ್ ಒತ್ತಿ ಮುಗ್ಸಿದ್ಲು.

ಆಮೇಲೆ ಅವ್ಳು ಕೇಳಿದ್ದು ಇನ್ನೊಂದೇ ಪ್ರಶ್ನೆ, ಹೊಸ ಕಂಪನಿಯೋರೇ ಸೇರೋಕೆ ಮುಂಚೆ ಆಫರ್ ವಾಪಸ್ ತಗೊಂಡ್ರೆ ಏನ್ ಗತಿ ಅಂತ. ಹಾಗೆ ಆಗೋದುಂಟು. ಆಗ ಇದೇ ಮೇಲ್‌ಗೆ ಕೆಳಗೆ ರಿಪ್ಲೈ ಮಾಡಿ, ನಡೆದಿದ್ದನ್ನ ಒಂದೇ ಸಾಲಲ್ಲಿ ಹೇಳಿ, ಹುದ್ದೆ ಇನ್ನೂ ಖಾಲಿ ಇದ್ಯಾ ಅಂತ ಕೇಳ್ಬಹುದು. ಅಷ್ಟರಲ್ಲಿ ಬೇರೆಯೋರು ಬಂದಿದ್ರೆ ಇಲ್ಲ ಅಂತಾರೆ, ಆದ್ರೆ ಕೇಳೋಕೆ ಮುಖ ಇರತ್ತೆ. ಅದಕ್ಕೇ ಆ ಮೇಲ್‌ಗಳನ್ನ ಅಳಿಸ್ಬೇಡ, ಹೊಸ ಕೆಲಸಕ್ಕೆ ಸೇರಿ ಮೊದಲ್ನೇ ತಿಂಗಳು ಕಳೆಯೋವರೆಗೂ ಒಂದು ಫೋಲ್ಡರ್‌ನಲ್ಲಿ ಇಟ್ಕೋ ಅಂದೆ.

ಬುಧವಾರ ಸಂಜೆ ಕೋಆರ್ಡಿನೇಟರ್ ಮೇಲ್ ಬಂತು, ಮೂರು ಸಾಲು. ಅರ್ಜಿ ವಾಪಸ್ ಆಗಿದ್ದು ಸಿಸ್ಟಮ್‌ನಲ್ಲಿ ದಾಖಲಾಗಿದೆ, ಮ್ಯಾನೇಜರ್‌ಗೆ ನಿಮ್ಮ ಧನ್ಯವಾದ ತಲುಪ್ಸಿದೀನಿ, ಗುರುವಾರ 3 ಗಂಟೆಗೆ ಕಾಯ್ತಿದ್ದ ಇನ್ನೊಬ್ರನ್ನ ಕರೆದಿದೀವಿ ಅಂತ.